ಪಡಸಾಲೆಯ ಕೈಬರಹ ತರಗತಿ: ಮೊದಲ ದಿನ ಒಂದೇ ಹಾಳೆ ಸಾಕು

ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಗೇಟಿಗೆ ‘ಹ್ಯಾಂಡ್‌ರೈಟಿಂಗ್ ಕ್ಲಾಸ್’ ಎಂಬ ಫಲಕ ಕಟ್ಟಿಕೊಂಡ ಮನೆಗಳು ಆಗಾಗ ಕಣ್ಣಿಗೆ ಬೀಳುತ್ತವೆ. ನಾನು ನೋಡಿದ ಮಟ್ಟಿಗೆ, ಇಂಥ ತರಗತಿಗಳು ಕೆಲವೇ ತಿಂಗಳಲ್ಲಿ ನಿಂತುಹೋಗುವುದು ಮಕ್ಕಳು ಬರುವುದಿಲ್ಲವೆಂದಲ್ಲ. ಬಂದ ಮಗುವಿನ ಕೈಗೆ ಮೊದಲ ದಿನವೇ ಕಾಪಿ ಪುಸ್ತಕ ಕೊಟ್ಟು ಪುಟಗಟ್ಟಲೆ ಬರೆಸುತ್ತಾರೆ, ತಾಯಿತಂದೆಗೆ ‘ಒಂದು ತಿಂಗಳಲ್ಲಿ ಮುತ್ತಿನಂಥ ಅಕ್ಷರ’ ಎಂದು ಮಾತು ಕೊಡುತ್ತಾರೆ. ತಪ್ಪು ಹಿಡಿತದಲ್ಲಿ ಇಪ್ಪತ್ತು ಪುಟ ಬರೆದ ಮಗುವಿನಲ್ಲಿ ಆ ತಪ್ಪೇ ಗಟ್ಟಿಯಾಗುತ್ತದೆ. ತಿಂಗಳು ತುಂಬಿದಾಗ ತಾಯಿತಂದೆ ಹಳೆಯ ನೋಟುಬುಕ್ಕನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿ, ಮಗುವನ್ನು ಬಿಡಿಸುತ್ತಾರೆ. ಆದ್ದರಿಂದ ಈ ಲೇಖನದ ಬಹುಪಾಲು ಮೊದಲ ದಿನದ ಹಾಳೆಗೆ ಮೀಸಲು.

ಜಾಗದ ವಿಷಯ ಸರಳವಾದದ್ದು. ಆರು ಮಕ್ಕಳು ಮೊಣಕೈ ತಾಗದಂತೆ ಕುಳಿತುಕೊಳ್ಳುವಷ್ಟು ಪಡಸಾಲೆ, ಬಲಗೈಯವರಿಗೆ ಎಡಗಡೆಯಿಂದ ಬೀಳುವ ಬೆಳಕು, ಒಂದು ಜಮಖಾನೆ ಇದ್ದರೆ ಸಾಕು. ಮಕ್ಕಳನ್ನು ನೆಲದ ಮೇಲೆ ಬಗ್ಗಿಸಿ ಬರೆಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಳೆಯ ಅಂಗಡಿಗಳಲ್ಲಿ ಲೆಕ್ಕ ಬರೆಯಲು ಇಡುತ್ತಿದ್ದಂಥ ಇಳಿಜಾರಿನ ಗಿಡ್ಡ ಡೆಸ್ಕನ್ನು ಬಡಿಗೇರರಿಂದ ಮಾಡಿಸಿಕೊಳ್ಳಿ. ಕುಳಿತ ಮಗುವಿನ ಮೊಣಕೈ ಮಟ್ಟಕ್ಕೆ ಅದರ ಅಂಚು ಬಂದರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಎಡಗೈಯಲ್ಲಿ ಬರೆಯುವ ಮಗುವನ್ನು ಸಾಲಿನ ಎಡತುದಿಗೆ ಕೂರಿಸಿ, ಬೆಳಕು ಬಲಗಡೆಯಿಂದ ಬರುವಂತೆ ಡೆಸ್ಕನ್ನು ತಿರುಗಿಸಿ, ಹಾಳೆಯ ಮೇಲ್ತುದಿಯನ್ನು ಬಲಕ್ಕೆ ವಾಲಿಸಿಕೊಡಿ. ಕೈ ಬದಲಿಸಿಕೊಡಿ ಎಂದು ಮನೆಯವರು ಎಷ್ಟೇ ಕೇಳಿದರೂ ಒಪ್ಪಬೇಡಿ.

ಮೊದಲ ದಿನದ ಹಾಳೆ

ಗೆರೆ ಇಲ್ಲದ ಒಂದು ಬಿಳಿ ಹಾಳೆಯನ್ನೂ ಹೊಸದಾಗಿ ಚೂಪು ಮಾಡಿದ ಪೆನ್ಸಿಲನ್ನೂ ಕೊಟ್ಟು, ಒಂದೇ ವಾಕ್ಯವನ್ನು ಮೂರು ನಿಮಿಷ ಮತ್ತೆ ಮತ್ತೆ ಬರೆಯಲು ಹೇಳಬೇಕು. ನಾನು ಬಳಸುವ ವಾಕ್ಯ ಇದು: ‘ನಮ್ಮೂರಿನ ಸಂತೆಯಲ್ಲಿ ಮೆಂತ್ಯ ಸೊಪ್ಪು, ಸೌತೆಕಾಯಿ, ಬಾಳೆಹಣ್ಣು ಸಿಗುತ್ತವೆ.’ ಇದರಲ್ಲಿ 24 ಅಕ್ಷರಗಳಿವೆ, ಗುಡಿಸು, ಏತ್ವ, ಔತ್ವ, ಕೊಂಬು ಎಲ್ಲವೂ ಬರುತ್ತವೆ, ಒತ್ತಕ್ಷರಗಳೇ ಆರು. ಮಗು ಮೂರನೇ ತರಗತಿಗಿಂತ ಚಿಕ್ಕದಾಗಿದ್ದರೆ ಒತ್ತು ಇಲ್ಲದ ಪದಗಳನ್ನು ಕೊಡಬೇಕು.

ಮಗು ಬರೆಯುವಾಗ ಹಾಳೆಯನ್ನು ನೋಡುವುದಕ್ಕಿಂತ ಕೈಯನ್ನು ನೋಡುವುದು ಮುಖ್ಯ. ಹೆಬ್ಬೆರಳು ಮತ್ತು ತೋರುಬೆರಳು ಪೆನ್ಸಿಲನ್ನು ಹಿಡಿದಿರಬೇಕು, ಅದು ನಡುಬೆರಳಿನ ಪಕ್ಕಕ್ಕೆ ಒರಗಿರಬೇಕು, ತುದಿಯಿಂದ ಸುಮಾರು ಎರಡು ಸೆಂಟಿಮೀಟರ್ ಮೇಲೆ ಹಿಡಿತ ಇರಬೇಕು. ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಸುತ್ತಿಕೊಂಡಿದ್ದರೆ ಅಕ್ಷರ ಬೆರಳಿನಿಂದ ಬರದೆ ಮಣಿಕಟ್ಟಿನಿಂದ ಬರುತ್ತದೆ. ಅಂಥ ಮಗುವಿನ ದುಂಡಕ್ಷರಗಳು ಮೂಲೆ ಮೂಲೆಯಾಗುವುದಕ್ಕೆ ಇದೇ ಕಾರಣ. ಬರೆದು ಮುಗಿದ ಮೇಲೆ ಹಾಳೆಯನ್ನು ಮಗುಚಿ, ಹಿಂಬದಿಯ ಮೇಲೆ ಬೆರಳಾಡಿಸಿ. ಅಕ್ಷರಗಳು ಉಬ್ಬಿ ಬೆರಳಿಗೆ ತಾಗಿದರೆ ಮಗು ಅತಿಯಾಗಿ ಒತ್ತುತ್ತಿದೆ, ಅರ್ಧ ಪುಟ ದಾಟಿದೊಡನೆ ಅದರ ಕೈ ನೋಯುತ್ತದೆ, ನೋವಾದಾಗ ಅಕ್ಷರ ಕೆಡುತ್ತದೆ. ಮನೆಯವರು ಇದನ್ನು ‘ಮೊದಲ ನಾಲ್ಕು ಸಾಲು ಚಂದ, ಆಮೇಲೆ ಬೇಜವಾಬ್ದಾರಿ’ ಎಂದು ವಿವರಿಸುತ್ತಾರೆ. ಅದು ಬೇಜವಾಬ್ದಾರಿಯಲ್ಲ.

ಆಮೇಲೆ ಅಕ್ಷರಗಳನ್ನು ನೋಡಿ. ‘ಕಾಗೆಕಾಲು ಗುಬ್ಬಿಕಾಲು’ ಎಂದು ಬೈಸಿಕೊಳ್ಳುವ ಕನ್ನಡ ಬರಹದಲ್ಲಿ ಸಾಮಾನ್ಯವಾಗಿ ಮೂರು ದೋಷಗಳಲ್ಲಿ ಒಂದು ಮೇಲುಗೈ ಪಡೆದಿರುತ್ತದೆ: ಅಕ್ಷರದ ಒಡಲು ಒಂದೊಂದು ಸಲ ಒಂದೊಂದು ಗಾತ್ರದಲ್ಲಿರುವುದು, ತಲೆಕಟ್ಟು ಒಡಲಿನಿಂದ ಬಿಟ್ಟುಕೊಂಡಿರುವುದು, ಒತ್ತು ಮೂಲಾಕ್ಷರದಷ್ಟೇ ದೊಡ್ಡದಾಗಿ ಕೆಳಗಿನ ಸಾಲಿಗೆ ಇಳಿಯುವುದು. ಮೂರೂ ಕಂಡರೂ ಹಾಳೆಯ ಮೇಲೆ ಒಂದನ್ನು ಮಾತ್ರ ಗುರುತು ಮಾಡಿಕೊಳ್ಳಿ. ಮುಖವನ್ನು ಹಾಳೆಗೆ ತೀರ ಹತ್ತಿರ ತರುವ ಮಗುವಿಗೆ ತರಗತಿಗಿಂತ ಮೊದಲು ಕಣ್ಣಿನ ತಪಾಸಣೆ ಆಗಬೇಕು. ಬರೆಯುವುದಷ್ಟೇ ಅಲ್ಲ, ಓದುವುದರಲ್ಲಿಯೂ ತನ್ನ ವಯಸ್ಸಿನವರಿಗಿಂತ ಬಹಳ ಹಿಂದಿರುವ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಲು ನೇರವಾಗಿ ಹೇಳಿ. ಅಂಥಲ್ಲಿ ನಮ್ಮ ಅಭ್ಯಾಸದ ಹಾಳೆಯಿಂದ ಪ್ರಯೋಜನವಿಲ್ಲ.

ಒಂದು ಹಾಳೆಯ ಕಥೆ

ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೇ ತರಗತಿ ಓದುತ್ತಿದ್ದ ಒಬ್ಬ ಬಾಲಕಿ ಮೊದಲ ದಿನ ಮೂರು ನಿಮಿಷದಲ್ಲಿ 60 ಅಕ್ಷರ ಬರೆದಳು. ಹಿಡಿತ ಸರಿಯಿತ್ತು, ಆದರೆ ಹಾಳೆಯ ಹಿಂಬದಿ ಉಬ್ಬಿತ್ತು. ‘ಮ್ಮೂ’, ‘ಪ್ಪು’, ‘ಣ್ಣು’ಗಳ ಒತ್ತುಗಳು ಮುಂದಿನ ಸಾಲಿನ ತಲೆಕಟ್ಟಿನ ಮೇಲೆ ಕುಳಿತಿದ್ದವು. ಹೀಗಾಗಿ ಬಿಡಿ ಅಕ್ಷರಗಳು ಚೆನ್ನಾಗಿದ್ದರೂ ಪುಟವನ್ನು ಓದಲು ಆಗುತ್ತಿರಲಿಲ್ಲ. ಕಾರಣ ಹುಡುಕಿದಾಗ, ಆಕೆ ಕನ್ನಡವನ್ನೂ ಇಂಗ್ಲಿಷಿನ ನಾಲ್ಕು ಗೆರೆಯ ಕಾಪಿಯಲ್ಲೇ ಅಭ್ಯಾಸ ಮಾಡಿದ್ದು ತಿಳಿಯಿತು. ಆ ಗೆರೆಗಳಲ್ಲಿ ಒತ್ತಿಗೆಂದು ಪ್ರತ್ಯೇಕ ಜಾಗವಿಲ್ಲ.

ಮೊದಲ ಎರಡು ವಾರ ಆಕೆಗೆ ಪೆನ್ಸಿಲ್ ಕೊಡದೆ ಪಾಟಿ ಮತ್ತು ಬಳಪ ಕೊಟ್ಟೆ. ಬೆರಳಿನ ಒಂದು ಗೆಣ್ಣಿನಷ್ಟು ಚಿಕ್ಕ ಬಳಪವನ್ನು ಇಡೀ ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ಜೋರಾಗಿ ಒತ್ತಿದರೆ ಅದು ಮುರಿಯುತ್ತದೆ. ಬೆರಳಿನ ಬಲವನ್ನು ತಗ್ಗಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಉಂಗುರ ಬೆರಳು ಮತ್ತು ಕಿರುಬೆರಳಿನ ಮಡಿಕೆಯಲ್ಲಿ ಒಂದು ಶೇಂಗಾ ಕಾಳನ್ನು ಹಿಡಿಸಿದರೆ ಆ ಎರಡು ಬೆರಳುಗಳು ಅಡ್ಡ ಬರುವುದಿಲ್ಲ. ಪೆನ್ಸಿಲಿಗೆ ತೊಡಿಸುವ ರಬ್ಬರ್ ಹಿಡಿಕೆಗಳನ್ನು ಕೊಳ್ಳಬೇಡಿ. ಅವು ಇರುವಷ್ಟು ಹೊತ್ತು ಹಿಡಿತ ಸರಿಯಿರುತ್ತದೆ, ತೆಗೆದ ದಿನ ಹಳೆಯದೇ ಮರಳುತ್ತದೆ. ಅಕ್ಷರಗಳನ್ನು ಕೊರೆದಿಟ್ಟ, ತಾನಾಗಿ ಅಳಿಸಿಹೋಗುವ ಶಾಯಿಯ ‘ಮ್ಯಾಜಿಕ್’ ಪುಸ್ತಕಗಳು ಇನ್ನೂ ಕೆಟ್ಟವು, ಏಕೆಂದರೆ ಎಲ್ಲಿ ತಿರುಗಬೇಕು ಎಲ್ಲಿ ನಿಲ್ಲಬೇಕು ಎಂಬುದನ್ನು ಕೈ ಕಲಿಯುವ ಬದಲು ಕೊರೆದ ಹಳ್ಳವೇ ಮಾಡಿಬಿಡುತ್ತದೆ, ಬರೆದದ್ದು ಅಳಿಸಿಹೋಗುವುದರಿಂದ ತಪ್ಪನ್ನು ತೋರಿಸಲು ಹಾಳೆಯೂ ಉಳಿಯುವುದಿಲ್ಲ.

ಪಾಟಿಯ ಮೇಲೆ ಅಕ್ಷರಗಳನ್ನು ‘ಅ ಆ ಇ ಈ’ ಕ್ರಮದಲ್ಲಿ ಬರೆಸಬಾರದು. ಸರಕಾರಿ ಶಾಲೆಯ ನಲಿ-ಕಲಿಯಲ್ಲಿ ‘ರ ಗ ಸ ದ ಅ’ ಎಂದು ಆರಂಭಿಸುವಂತೆ, ಬರೆಯಲು ಸುಲಭವಾದವುಗಳಿಂದ ಹೊರಟು ಆಕಾರದಲ್ಲಿ ಹತ್ತಿರವಿರುವವುಗಳನ್ನು ಗುಂಪು ಮಾಡಬೇಕು: ‘ರ, ಠ’ ಒಂದು ಗುಂಪು, ‘ದ, ಧ, ಥ’ ಇನ್ನೊಂದು, ‘ಪ, ಫ, ಷ’ ಮತ್ತೊಂದು. ಒಡಲು ಮೊದಲು, ತಲೆಕಟ್ಟು ಕೊನೆಗೆ ಎಂಬುದು ನನ್ನ ಕಟ್ಟುನಿಟ್ಟಾದ ನಿಯಮ. ತಲೆಕಟ್ಟನ್ನು ಮೊದಲು ಎಳೆದು ಅದಕ್ಕೆ ಒಡಲನ್ನು ತೂಗುಹಾಕುವ ಮಗುವಿಗೆ ಒಡಲಿನ ಗಾತ್ರದ ಮೇಲೆ ಹತೋಟಿಯೇ ಇರುವುದಿಲ್ಲ.

ಮೂರನೇ ವಾರದಿಂದ ಹಾಳೆಗೆ ಬಂದೆವು. ಅಂಗಡಿಯ ಕಾಪಿಯ ಬದಲು ನಾನೇ ಗೆರೆ ಎಳೆದು ಝೆರಾಕ್ಸ್ ಮಾಡಿಸಿದ ಹಾಳೆ ಅದು: ಒಡಲಿಗೆ ಒಂದು ಸೆಂಟಿಮೀಟರ್ ಅಂತರದ ಎರಡು ಗೆರೆ, ಅದರ ಕೆಳಗೆ ಒತ್ತಿಗಾಗಿಯೇ ಒಂದು ಸೆಂಟಿಮೀಟರ್ ಖಾಲಿ ಪಟ್ಟಿ, ಆಮೇಲೆ ಮುಂದಿನ ಸಾಲು. ಒತ್ತು ಆ ಪಟ್ಟಿಯ ಅರ್ಧದಷ್ಟು ಎತ್ತರವನ್ನು ಮೀರಬಾರದು. ದಿನಕ್ಕೆ ಆರು ಸಾಲಿಗಿಂತ ಹೆಚ್ಚು ಬರೆಸಲಿಲ್ಲ. ಪ್ರತಿ ಸಾಲಿನ ಕೊನೆಗೆ, ಆ ಸಾಲಿನಲ್ಲಿ ತನಗೆ ಚೆನ್ನಾಗಿ ಬಂದಿದೆ ಅನಿಸಿದ ಒಂದು ಅಕ್ಷರಕ್ಕೆ ಆಕೆಯೇ ಸುತ್ತು ಹಾಕಬೇಕಿತ್ತು.

ನಾಲ್ಕನೇ ವಾರ ಆಕೆಯ ತಾಯಿ ಬಾಗಿಲಲ್ಲೇ ನಿಂತು, “ಅಕ್ಕೋರ, ಮೊದಲ ಭರಭರ ಬರೀತಿದ್ಲು, ಈಗ ಒಂದು ಪುಟಕ್ಕ ಅರ್ಧ ತಾಸು ಹಿಡೀತಾಳ್ರಿ, ಪರೀಕ್ಷಿ ಹತ್ರ ಬಂತು” ಎಂದರು. ಅವರು ಹೇಳಿದ್ದು ನಿಜ. ಅದೇ ವಾಕ್ಯವನ್ನು ಮೂರು ನಿಮಿಷ ಬರೆಸಿದಾಗ 41 ಅಕ್ಷರಗಳಷ್ಟೇ ಬಂದವು. ರೂಢಿಯಾದ ಚಲನೆಯನ್ನು ಬಿಟ್ಟು ಹೊಸದನ್ನು ಹಿಡಿಯುವಾಗ ವೇಗ ಇಳಿಯಲೇಬೇಕು. ಎರಡೂ ಹಾಳೆಗಳನ್ನು ಅವರ ಮುಂದಿಟ್ಟು, ಒತ್ತುಗಳನ್ನು ಮಾತ್ರ ನೋಡಲು ಹೇಳಿದೆ. ಹನ್ನೆರಡನೇ ವಾರ ಆಕೆ 63 ಅಕ್ಷರ ಬರೆದಳು, ಒಂದು ಒತ್ತೂ ಮುಂದಿನ ಸಾಲಿಗೆ ತಾಗಲಿಲ್ಲ. ತಲೆಕಟ್ಟುಗಳು ಮಾತ್ರ ಇನ್ನೂ ಅಲ್ಲಲ್ಲಿ ಬಿಟ್ಟುಕೊಂಡಿದ್ದವು.

ತಾಯಿತಂದೆಯೊಡನೆ ಮಾತು ಮತ್ತು ಶುಲ್ಕ

ವೇಗ ಇಳಿಯುವ ಈ ಸಂಗತಿಯನ್ನು ಸೇರಿಸಿಕೊಳ್ಳುವ ದಿನವೇ ಹೇಳಬೇಕು, ಬರೆದೂ ಕೊಡಬೇಕು. ನಾನು ಕೊಡುವ ಚೀಟಿಯಲ್ಲಿ ಮೂರು ಮಾತುಗಳಿರುತ್ತವೆ: ಈ ಮಗುವಿನಲ್ಲಿ ನಾವು ಮೊದಲು ತಿದ್ದುವ ದೋಷ ಯಾವುದು, ಮೊದಲ ತಿಂಗಳು ಬರಹ ನಿಧಾನವಾಗುತ್ತದೆ, ಶಾಲೆಯ ನೋಟುಬುಕ್ಕಿನಲ್ಲಿ ಬದಲಾವಣೆ ಕಾಣಲು ಮೂರು ತಿಂಗಳು ಬೇಕು. ಪರೀಕ್ಷೆಗೆ ತಿಂಗಳಷ್ಟೇ ಉಳಿದಿರುವಾಗ ಬಂದವರನ್ನು ಪರೀಕ್ಷೆ ಮುಗಿದ ಮೇಲೆ ಬರಲು ಹೇಳಿ. ಏಪ್ರಿಲ್-ಮೇ ರಜೆ ಇದಕ್ಕೆ ಹೇಳಿ ಮಾಡಿಸಿದ ಕಾಲ, ಏಕೆಂದರೆ ಆಗ ಶಾಲೆಯ ಅವಸರದ ಬರವಣಿಗೆ ನಮ್ಮ ಅಭ್ಯಾಸವನ್ನು ಕೆಡಿಸುವುದಿಲ್ಲ. ಐದು ವರ್ಷ ತುಂಬದ ಮಗುವನ್ನು ಸೇರಿಸಿಕೊಳ್ಳಲೇಬೇಡಿ. ‘ಮನೆಯಲ್ಲಿಯೂ ದಿನಕ್ಕೆರಡು ಪುಟ ಬರೆಸುತ್ತೇವೆ’ ಎನ್ನುವ ಉತ್ಸಾಹವನ್ನು ತಡೆದು, ಹತ್ತು ನಿಮಿಷಕ್ಕೆ ಮಿತಿಗೊಳಿಸಿ.

ಶುಲ್ಕವನ್ನು ಪಕ್ಕದ ಬಡಾವಣೆಯವರು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೇಳಿ ನಿಗದಿ ಮಾಡುವುದಕ್ಕಿಂತ ಗಂಟೆಯ ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಉದಾಹರಣೆಗೆ ಆರು ಮಕ್ಕಳ ಒಂದು ತಂಡ, ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ ಎಂದರೆ ತಿಂಗಳಿಗೆ ಒಂಬತ್ತು ಗಂಟೆಯ ಪಾಠ. ಮಗುವಿಗೆ 700 ರೂಪಾಯಿಯಂತೆ 4,200 ರೂಪಾಯಿ ಬರುತ್ತದೆ. ಹಾಳೆ, ಝೆರಾಕ್ಸ್, ಬಳಪಕ್ಕೆ 400 ರೂಪಾಯಿ ಕಳೆದರೆ ಗಂಟೆಗೆ ಸುಮಾರು 420 ರೂಪಾಯಿ ಉಳಿಯುತ್ತದೆ. ಹಾಳೆ ತಿದ್ದುವ ಹೊತ್ತು ಇದರಲ್ಲಿ ಸೇರಿಲ್ಲ. ಎಂಟು ಮಕ್ಕಳನ್ನು ಕೂರಿಸಿದರೆ ಹಣ ಹೆಚ್ಚುತ್ತದೆ, ಆದರೆ 45 ನಿಮಿಷದಲ್ಲಿ ಎಂಟು ಕೈಗಳನ್ನು ನೋಡಲು ಆಗುವುದಿಲ್ಲ. ಆರರ ಮೇಲೆ ಹೋಗಬೇಡಿ. ಅಬ್ಯಾಕಸ್‌ನಂತೆ ಫ್ರಾಂಚೈಸಿ ಪಡೆದು ತರಗತಿ ನಡೆಸುವವರು ಪ್ರವೇಶ ಹಣ, ಪುಸ್ತಕ, ಪ್ರತಿ ಮಗುವಿನ ಪಾಲು ಎಂದು ಕಂಪನಿಗೆ ಕೊಡಬೇಕಾಗುತ್ತದೆ. ಕೈಬರಹಕ್ಕೆ ಆ ಹೊರೆಯ ಅಗತ್ಯವಿಲ್ಲ.

ಮೂರು ತಿಂಗಳ ಹಣವನ್ನು ಮುಂಗಡವಾಗಿ ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಎರಡು ವಾರದಲ್ಲಿ ಮಗುವಿನ ತೊಂದರೆ ಬೇರೆಯದೆಂದು ಗೊತ್ತಾದರೆ ಹಣ ಮರಳಿಸುವುದು ಎರಡೂ ಕಡೆಯವರಿಗೆ ಕಷ್ಟವಾಗುತ್ತದೆ. ತಿಂಗಳ ಮೊದಲ ವಾರದಲ್ಲಿ ಆ ತಿಂಗಳದ್ದನ್ನು ಪಡೆಯಿರಿ, ದಸರಾ-ದೀಪಾವಳಿಯ ರಜೆಯಲ್ಲಿ ಎಷ್ಟು ಪಾಠ ತಪ್ಪುತ್ತದೆ ಎಂಬುದನ್ನು ಮೊದಲೇ ಹೇಳಿ, ಒಂದೇ ಮನೆಯ ಎರಡನೇ ಮಗುವಿಗೆ ಸ್ವಲ್ಪ ಬಿಟ್ಟುಕೊಡಿ.

ಹನ್ನೆರಡನೇ ವಾರ ಅದೇ ವಾಕ್ಯವನ್ನು ಅಷ್ಟೇ ಹೊತ್ತು, ಗೆರೆ ಇಲ್ಲದ ಹಾಳೆಯ ಮೇಲೆ ಬರೆಸಬೇಕು. ಗುರುತು ಮಾಡಿಕೊಂಡಿದ್ದ ದೋಷ ಹೋಗಿದ್ದು, ವೇಗ ಮೊದಲಿನ ಮಟ್ಟಕ್ಕೆ ಮರಳಿದ್ದರೆ, ಮೊದಲ ಹಾಳೆಯನ್ನೂ ಇದನ್ನೂ ಒಟ್ಟಿಗೆ ಪಿನ್ ಮಾಡಿ ತಾಯಿತಂದೆಗೆ ಕೊಟ್ಟು ಮಗುವನ್ನು ಕಳುಹಿಸಬೇಕು. ಉಳಿದ ಸಣ್ಣ ದೋಷಗಳಿಗೆ ಮನೆಯಲ್ಲಿ ಬರೆಯಲು ಗೆರೆ ಎಳೆದ ಹತ್ತು ಹಾಳೆ ಕೊಟ್ಟರೆ ಸಾಕು. ಅವಕ್ಕಾಗಿ ನಾಲ್ಕನೇ ತಿಂಗಳ ಶುಲ್ಕ ಕೇಳಬಾರದು.