ಒಂದು ಲಕ್ಷ ಯೂರೋ ಮುಂಗಡ: 270 ಪಿಪ್ ಅಂತರವನ್ನು 27ಕ್ಕೆ ಇಳಿಸಿದ್ದು

ಮನೆಯ ಮುಂಗಡಕ್ಕೆ ಒಂದು ಲಕ್ಷ ಯೂರೋ ಕಳುಹಿಸಬೇಕಿತ್ತು. ನನ್ನ ದುಡ್ಡೆಲ್ಲ ಡಾಲರಿನಲ್ಲಿತ್ತು. ವಿನಿಮಯ ದರದಲ್ಲಿ ಚೌಕಾಸಿ ಮಾಡುತ್ತೇನೆಂದಾಗ ಭಾವ, "ದರ ಮಾರುಕಟ್ಟೆ ಹೇಳಿದ್ದು, ಅದರಲ್ಲಿ ಚೌಕಾಸಿ ಎಲ್ಲಿಯದು?" ಎಂದರು. ಬ್ಯಾಂಕಿನವರೂ ಅದನ್ನೇ ಹೇಳಿದರು. ಮಾರುಕಟ್ಟೆ ಹೇಳುವುದು ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಮಧ್ಯದರವನ್ನು ಮಾತ್ರ. ಅದರ ಮೇಲೆ ಕೂರಿಸುವ ಅಂತರ ಅವರದೇ. ನಾನು ಕೈಹಾಕಿದ್ದು ಆ ಅಂತರಕ್ಕೆ.

ನಾನು ಕೇಳಲು ಶುರುಮಾಡಿದ ದಿನ ಮಧ್ಯದರ ಯೂರೋಗೆ ಸುಮಾರು 1.0800 ಡಾಲರ್ ಇತ್ತು. ಬ್ಯಾಂಕು ಹೇಳಿದ್ದು 1.1070. ದರದ ನಾಲ್ಕನೆಯ ದಶಮಾಂಶ ಸ್ಥಾನದ ಒಂದನ್ನು, ಅಂದರೆ 0.0001 ಅನ್ನು, ಪಿಪ್ ಎನ್ನುತ್ತಾರೆ. ಹಾಗಾಗಿ ಅಂತರ 270 ಪಿಪ್, ಶೇಕಡಾ ಎರಡೂವರೆ. ಒಂದು ಲಕ್ಷ ಯೂರೋ ಕೊಳ್ಳುವಾಗ ಒಂದು ಪಿಪ್ ಎಂದರೆ ಸರಿಯಾಗಿ 10 ಡಾಲರ್. ಹಾಗಾಗಿ ಬ್ಯಾಂಕಿನ ಪಾಲು 2,700 ಡಾಲರ್. ರವಾನೆ ಶುಲ್ಕ ನಲವತ್ತು ಡಾಲರಿನಷ್ಟನ್ನು ಮನ್ನಾ ಮಾಡುತ್ತೇವೆಂದು ಅವರು ಎರಡೆರಡು ಬಾರಿ ಹೇಳಿದರು. ದರದ ಮಾತು ಮಾತ್ರ ಎತ್ತಲಿಲ್ಲ.

ಹೋಲಿಕೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಮಯ. ಬೆಳಿಗ್ಗೆ ಒಬ್ಬರ ದರ, ಮಧ್ಯಾಹ್ನ ಇನ್ನೊಬ್ಬರ ದರ ಬರೆದುಕೊಂಡರೆ ನಡುವೆ ಮಾರುಕಟ್ಟೆಯೇ ಐವತ್ತು ಪಿಪ್ ಸರಿದಿರಬಹುದು. ಆಗ ಯಾರು ಅಗ್ಗ ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ದರ ಬರೆಯುವುದನ್ನೇ ಬಿಟ್ಟೆ. ಒಬ್ಬೊಬ್ಬರು ದರ ಹೇಳಿದ ಕ್ಷಣದ ಮಧ್ಯದರವನ್ನು ಪಕ್ಕದಲ್ಲಿ ಬರೆದು, ಎಷ್ಟು ಪಿಪ್ ಅಂತರ ಎಂಬುದನ್ನು ಮಾತ್ರ ಇಟ್ಟುಕೊಂಡೆ. ಪ್ರತ್ಯೇಕ ಶುಲ್ಕವಿದ್ದರೆ ಅದನ್ನೂ ಪಿಪ್‌ಗೆ ಇಳಿಸಿ ಕೂಡಿಸಿದೆ. ಆಗ ಸೋಮವಾರದ ಮಾತನ್ನು ಗುರುವಾರದ ಮಾತಿನೊಂದಿಗೆ ಹೋಲಿಸಬಹುದು.

ಆ ಲೆಕ್ಕದಲ್ಲಿ ಆನ್‌ಲೈನ್ ಸೇವೆಯೊಂದು ಸುಮಾರು 49 ಪಿಪ್‌ಗೆ ಬಂತು. ಅಲ್ಲಿ ಚೌಕಾಸಿಗೆ ಮನುಷ್ಯರಿಲ್ಲ, ಆದರೆ ಆ ಅಂಕಿ ಕೈಯಲ್ಲಿದ್ದುದೇ ದೊಡ್ಡ ಬಲ. ಮೊದಲ ಬ್ರೋಕರ್ 65 ಹೇಳಿದ. ಇನ್ನೊಬ್ಬ ಫೋನಿನಲ್ಲಿ 20 ಎಂದ, ವ್ಯವಹಾರ ಕಟ್ಟುವ ಹೊತ್ತಿಗೆ ಅದು 80 ಆಗಿತ್ತು. ಮೊದಲು ಹೇಳಿದ್ದು ಅಂದಾಜಿನ ದರವಂತೆ. ಅಂದಿನಿಂದ ನನ್ನ ಮೊದಲ ಪ್ರಶ್ನೆ ಒಂದೇ: "ಇದು ಈಗಲೇ ಒಪ್ಪಿದರೆ ಸಿಗುವ ದರವೇ?"

ಮೂರನೆಯ ಬ್ರೋಕರ್ ಬಳಿ ಹೋಗುವಾಗ ಗುರುತಿನ ತಪಾಸಣೆ, ಹಣದ ಮೂಲದ ದಾಖಲೆ ಎಲ್ಲ ಮುಗಿಸಿಯೇ ಕರೆ ಮಾಡಿದೆ. ದಾಖಲೆ ಆಗದ ಗ್ರಾಹಕನಿಗೆ ಡೀಲರ್ ಒಳ್ಳೆಯ ದರ ಕೊಡುವುದಿಲ್ಲ, ಕೊಟ್ಟರೂ ಅದು ಬಾಯಿಮಾತು. "ನಿಮ್ಮ ದರವೇನು" ಎಂದು ಕೇಳಲಿಲ್ಲ. "ಮಧ್ಯದರದ ಮೇಲೆ ಎಷ್ಟು ಪಿಪ್?" ಎಂದೆ. ಆತನ ದನಿ ಅಲ್ಲಿಯೇ ಬದಲಾಯಿತು. 45 ಎಂದ. 49ರ ಆನ್‌ಲೈನ್ ಅಂಕಿಯನ್ನು ಮುಂದಿಟ್ಟು, ಇವತ್ತೇ ಪೂರ್ತಿ ಮೊತ್ತ ಕಟ್ಟುತ್ತೇನೆ, ಆದರೆ ನಾಲ್ಕು ಪಿಪ್ ಉಳಿತಾಯಕ್ಕೆ ಹೊಸಬರನ್ನು ನಂಬಲಾರೆ ಎಂದೆ. 35 ಆಯಿತು. ಕೊನೆಗೆ 27ಕ್ಕೆ ಇಳಿಸಿದ ಮಾತು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಇನ್ನೊಂದು ಕಂತಿಗೆ ಅದು ನನಗೇ ಬೇಕು. ಕೇಳಿದ ಹೊತ್ತು ಮಾತ್ರ ಹೇಳುತ್ತೇನೆ: ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ತೆರೆದಿರುವ ಗಂಟೆಗಳು. ವಾರಾಂತ್ಯದಲ್ಲಿ ಒಮ್ಮೆ ಪ್ರಯೋಗಕ್ಕೆಂದೇ ಕೇಳಿ ನೋಡಿದ್ದೆ, ಸೋಮವಾರ ದರ ಎಲ್ಲಿ ತೆರೆಯುತ್ತದೋ ಎಂಬ ಭಯಕ್ಕೆ ಅಂತರವನ್ನು ಹಿಗ್ಗಿಸಿಯೇ ಹೇಳಿದರು.

ಮೊತ್ತವನ್ನು ನಾಲ್ಕು ಭಾಗ ಮಾಡಿ ಬೇರೆ ಬೇರೆ ದಿನ ಕೊಳ್ಳುವುದನ್ನೂ ವಿಚಾರಿಸಿದೆ. ಇಪ್ಪತ್ತೈದು ಸಾವಿರಕ್ಕೆ ಅದೇ ಡೀಲರ್ 50ಕ್ಕಿಂತ ಕೆಳಗೆ ಬರಲಿಲ್ಲ. ದೊಡ್ಡ ಮೊತ್ತದ ಬಲವನ್ನು ನಾವೇ ಒಡೆದುಕೊಂಡಂತೆ, ಕೈಬಿಟ್ಟೆ. ಮನೆಯ ಪತ್ರದ ದಿನ ದೂರವಿದ್ದವರು ದರವನ್ನು ಮುಂಚೆಯೇ ಕಟ್ಟಿಹಾಕುವ ಮುಂಗಡ ಒಪ್ಪಂದ ಕೇಳಬಹುದು. ಆದರೆ ಮೊತ್ತದ ಒಂದು ಪಾಲನ್ನು ಠೇವಣಿ ಇಡಬೇಕಾಗುತ್ತದೆ, ಮನೆಯ ವ್ಯವಹಾರ ಮುರಿದರೂ ಒಪ್ಪಂದ ಉಳಿಯುತ್ತದೆ.

ಪೂರ್ತಿ ಹಣ ಹೋಗುವ ಮುನ್ನ ಐನೂರು ಯೂರೋ ಕಳುಹಿಸಿ ನೋಡಿದೆ. ತಲುಪಿದ್ದು ಇಪ್ಪತ್ತು ಯೂರೋದಷ್ಟು ಕಡಿಮೆ, ನಡುವಿನ ಬ್ಯಾಂಕು ಕತ್ತರಿಸಿಕೊಂಡಿತ್ತು. ಮುಂಗಡದಲ್ಲಿ ಇಪ್ಪತ್ತು ಯೂರೋ ಕೊರತೆಯಾದರೂ ವಕೀಲರು ಪತ್ರ ಮುಂದಕ್ಕೆ ಹಾಕುತ್ತಾರೆ. ಆದ್ದರಿಂದ ಶುಲ್ಕದ ಆಯ್ಕೆಯಲ್ಲಿ, ಇಬ್ಬರೂ ಹಂಚಿಕೊಳ್ಳುವ SHA ಬದಲು ಕಳುಹಿಸುವವರೇ ಎಲ್ಲ ಶುಲ್ಕ ಹೊರುವ OUR ಹಾಕಿಸಿದೆ. ಜೊತೆಗೆ ನಮ್ಮ ಬ್ಯಾಂಕಿನ ದಿನದ ರವಾನೆ ಮಿತಿಯನ್ನು ಹಿಂದಿನ ದಿನವೇ ಏರಿಸಿಕೊಂಡಿದ್ದೆ. ದರ ಕಟ್ಟಿದ ಮೇಲೆ ಡಾಲರ್ ಹೊತ್ತಿಗೆ ತಲುಪದಿದ್ದರೆ ಬ್ರೋಕರ್ ವ್ಯವಹಾರ ಮುಚ್ಚಿ ನಷ್ಟವನ್ನು ನಮ್ಮ ತಲೆಗೇ ಕಟ್ಟುತ್ತಾನೆ.

ಒಟ್ಟು ಉಳಿದದ್ದು 2,400 ಡಾಲರಿನ ಆಸುಪಾಸು. ಲೆಕ್ಕ ತೋರಿಸಿದ ಮೇಲೆ ಭಾವ ತಮ್ಮ ಮಗಳ ಕಾಲೇಜು ಶುಲ್ಕಕ್ಕೆ ನನ್ನಿಂದಲೇ ಕರೆ ಮಾಡಿಸಿದರು. ತಿಂಗಳುಗಳ ಬಳಿಕ ಸಣ್ಣ ಮೊತ್ತವೊಂದಕ್ಕೆ ಅದೇ ಬ್ರೋಕರನ್ನು ಕೇಳಿದಾಗ ಮಾತಿಲ್ಲದೆ 70 ಹಾಕಿದ್ದ. ಹಳೆಯ 27ರ ರಸೀದಿಯನ್ನು ಕಳುಹಿಸಿದೆ, ಹತ್ತು ನಿಮಿಷದಲ್ಲಿ 40ಕ್ಕೆ ಇಳಿಸಿದ.