ಹದಿನಾಲ್ಕು ದಿನ, ಒಂದೇ ಮ್ಯಾಟ್ರಿಕ್ಸ್: ಲೀನಿಯರ್ ಆಲ್ಜಿಬ್ರಾ ದಾಟಿದ ನನ್ನ ಅನುಭವ

ಮೊದಲ ಸಲ ನನಗೆ ನೂರಕ್ಕೆ 22 ಅಂಕ ಬಂದಿತ್ತು, ಎರಡನೆಯ ಸಲ 30ರ ಹತ್ತಿರ. ಎರಡರ ನಡುವೆ ಒಂದು ಕ್ರ್ಯಾಶ್ ಕೋರ್ಸಿಗೆ ಸುಮಾರು 3,500 ರೂಪಾಯಿ ಕಟ್ಟಿದ್ದೆ. ಅಲ್ಲಿ ಪಠ್ಯಕ್ರಮದ ಕ್ರಮದಲ್ಲೇ ವೆಕ್ಟರ್ ಸ್ಪೇಸ್ ವ್ಯಾಖ್ಯೆಗಳಿಂದ ಆರಂಭಿಸಿ, ಐಗನ್ ವ್ಯಾಲ್ಯೂ ತಲುಪುವ ಹೊತ್ತಿಗೆ ದಿನಗಳೇ ಮುಗಿದುಹೋದವು. ಮೂರನೆಯ ಸಲ ನಾನೇ ಎರಡು ವಾರದ ಯೋಜನೆಯೊಂದನ್ನು ಹಾಕಿಕೊಂಡು ವೆಕ್ಟರ್ ಸ್ಪೇಸ್ ಪ್ರಮೇಯಗಳನ್ನು ಹದಿಮೂರನೆಯ ದಿನಕ್ಕೆ ತಳ್ಳಿದಾಗ, ಹಾಸ್ಟೆಲಿನ ಗೆಳೆಯ, "ಮೊದಲನೇ ಪಾಠಾನ ಕೊನೆಗೆ ಇಟ್ಕೊಂಡ್ರೆ ಉಳಿದದ್ದು ಹೇಗೆ ತಲೆಗೆ ಹೋಗುತ್ತೆ ಮಾರಾಯ?" ಎಂದು ಕೇಳಿದ್ದ. ಆ ಸಲ 71 ಬಂತು. ಈಗ ಅವನ ತಮ್ಮನೂ ಇದೇ ಕ್ರಮದಲ್ಲಿ ಓದುತ್ತಿದ್ದಾನೆ.

ಈ ಕ್ರಮ ಹೊಳೆದದ್ದು ನನ್ನದೇ ಉತ್ತರಪತ್ರಿಕೆಯ ನಕಲಿನಿಂದ. ಅದನ್ನು ತರಿಸಿಕೊಳ್ಳಲು ಐನೂರು ರೂಪಾಯಿಯಷ್ಟು ಖರ್ಚಾಯಿತು, ಮತ್ತು ಈ ವಿಷಯಕ್ಕೆ ನಾನು ಸುರಿದ ಹಣದಲ್ಲಿ ಸಾರ್ಥಕವಾದದ್ದು ಅದೊಂದೇ. ಕಳೆದುಕೊಂಡ ಅಂಕಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡುತ್ತಾ ಹೋದಾಗ, ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೋಗಿದ್ದದ್ದು ಥಿಯರಿಯಲ್ಲಲ್ಲ, ರೋ ರಿಡಕ್ಷನ್‌ನಲ್ಲಿ ಎಂಬುದು ತಿಳಿಯಿತು. ಎರಡನೆಯ ಸಾಲಿನಲ್ಲಿ ಒಂದು ಮೈನಸ್ ತಪ್ಪಿ, ಅಲ್ಲಿಂದ ಮುಂದಿನ ರ್‍ಯಾಂಕ್, ಬೇಸಿಸ್, ಐಗನ್ ವೆಕ್ಟರ್ ಎಲ್ಲವೂ ಕೆಟ್ಟಿದ್ದವು.

ಆದ್ದರಿಂದ ಮೊದಲ ನಾಲ್ಕು ದಿನ ರೋ ರಿಡಕ್ಷನ್ ಮತ್ತು `AX = B` ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ದಿನಕ್ಕೆ ಎಂಟು ಹತ್ತು ಮ್ಯಾಟ್ರಿಕ್ಸ್, ಎಲ್ಲವೂ ಕೈಯಲ್ಲೇ. ಪ್ರತಿ ಸಾಲಿನ ಪಕ್ಕದಲ್ಲಿ `R2 → R2 − 2R1` ಎಂದು ಬರೆಯದೆ ಸಂಖ್ಯೆ ಬರೆಯುವಂತಿಲ್ಲ ಎಂಬುದೂ, ಆಗತಾನೇ ಬದಲಾದ ಸಾಲನ್ನು ಅದೇ ಹಂತದಲ್ಲಿ ಮತ್ತೆ ಬಳಸುವಂತಿಲ್ಲ ಎಂಬುದೂ ನಾನು ಹಾಕಿಕೊಂಡ ಎರಡು ನಿಯಮಗಳು. ಅಭ್ಯಾಸದ ಲೆಕ್ಕಗಳಿಗಾಗಿ ಮೊದಲು ದಾಳ ಉರುಳಿಸಿ ಮ್ಯಾಟ್ರಿಕ್ಸ್ ಮಾಡಿನೋಡಿದೆ. ಮೂರನೆಯ ಹಂತದಲ್ಲೇ ಛೇದದಲ್ಲಿ 37, 58 ಎಂಬಂಥ ಸಂಖ್ಯೆಗಳು ಬಂದು ಒಂದು ಸಂಜೆ ಪೂರ್ತಿ ವ್ಯರ್ಥವಾಯಿತು. ಆಮೇಲೆ ಹಿಂದುಮುಂದಾಗಿ ಕಟ್ಟುವುದನ್ನು ಕಲಿತೆ: ಮೊದಲು ಎಷೆಲಾನ್ ರೂಪವನ್ನೇ ಬರೆದುಕೊಂಡು, ಮೇಲಿನ ಸಾಲುಗಳ ಪೂರ್ಣಾಂಕದ ಗುಣಕಗಳನ್ನು ಕೆಳಗಿನವಕ್ಕೆ ಕೂಡಿಸುತ್ತಾ ಹೋದರೆ, ಬಿಡಿಸುವಾಗ ಭಿನ್ನರಾಶಿ ಬಾರದ ಲೆಕ್ಕ ಸಿದ್ಧವಾಗುತ್ತದೆ. ಈ ಬರಹದುದ್ದಕ್ಕೂ ಬರುವ ಮ್ಯಾಟ್ರಿಕ್ಸ್ ಹಾಗೆ ಹುಟ್ಟಿದ್ದು. ರಾತ್ರಿ ಒಮ್ಮೆ ಮಾತ್ರ ಆಕ್ಟೇವ್ ಎಂಬ ಗಣಿತದ ತಂತ್ರಾಂಶದಲ್ಲಿ ಉತ್ತರ ಸರಿನೋಡುತ್ತಿದ್ದೆ.

```
A = [1 2 1; 2 4 3; 3 6 4]
rref(A)
eig(A)
```

ಐದರಿಂದ ಏಳನೆಯ ದಿನದವರೆಗೆ ರ್‍ಯಾಂಕ್, ಕಾಲಮ್ ಸ್ಪೇಸ್ ಮತ್ತು ನಲ್ ಸ್ಪೇಸ್. ಮೇಲಿನ `A`ಯನ್ನು ಎಷೆಲಾನ್ ರೂಪಕ್ಕೆ ಇಳಿಸಿದರೆ ಸಾಲುಗಳು `1 2 1`, `0 0 1`, `0 0 0` ಆಗುತ್ತವೆ. ಪಿವಟ್‌ಗಳು ಒಂದನೆಯ ಮತ್ತು ಮೂರನೆಯ ಕಾಲಮ್‌ನಲ್ಲಿವೆ, ರ್‍ಯಾಂಕ್ 2. ನಾನು ಎರಡು ಪರೀಕ್ಷೆಯಲ್ಲೂ ಎಡವಿದ್ದು ಇಲ್ಲಿಯೇ. ಕಾಲಮ್ ಸ್ಪೇಸಿನ ಬೇಸಿಸ್ ಕೇಳಿದಾಗ ಎಷೆಲಾನ್ ರೂಪದಿಂದಲೇ `(1,0,0)` ಎತ್ತಿ ಬರೆದಿದ್ದೆ. ಪಿವಟ್ ಇರುವ ಸ್ಥಾನವನ್ನು ಮಾತ್ರ ಎಷೆಲಾನ್ ರೂಪದಿಂದ ತಿಳಿದು, ಕಾಲಮ್‌ಗಳನ್ನು ಮೂಲ ಮ್ಯಾಟ್ರಿಕ್ಸ್‌ನಿಂದಲೇ ತೆಗೆದುಕೊಳ್ಳಬೇಕು: `(1,2,3)` ಮತ್ತು `(1,3,4)`. ತಪ್ಪನ್ನು ಹಿಡಿಯುವುದು ಸುಲಭ. ಮೂಲ ಕಾಲಮ್‌ಗಳೆಲ್ಲದರಲ್ಲಿ ಮೂರನೆಯ ಸಂಖ್ಯೆ ಮೊದಲೆರಡರ ಮೊತ್ತವಾಗಿದೆ. `(1,0,0)` ಆ ನಿಯಮಕ್ಕೆ ಒಳಪಡುವುದಿಲ್ಲ, ಆದ್ದರಿಂದ ಅದು ಆ ಸ್ಪೇಸಿನಲ್ಲೇ ಇಲ್ಲ. ಇದೇ ನಿಯಮವೇ `AX = B`ಗೆ ಪರಿಹಾರ ಇರಲು ಬೇಕಾದ ಷರತ್ತೂ ಹೌದು: `b1 + b2 = b3`. ನಲ್ ಸ್ಪೇಸಿನ ಬೇಸಿಸ್ `(-2,1,0)`. ಅದನ್ನು `A`ಯಿಂದ ಗುಣಿಸಿ ಸೊನ್ನೆ ಬರುವುದನ್ನು ನೋಡದೆ ನಾನು ಮುಂದಿನ ಲೆಕ್ಕಕ್ಕೆ ಹೋಗುತ್ತಿರಲಿಲ್ಲ.

ಪುಸ್ತಕಗಳಲ್ಲಿ ಬಹಳ ದೂರದಲ್ಲಿರುವ ಗ್ರಾಮ್-ಸ್ಮಿಟ್ ಮತ್ತು ಲೀಸ್ಟ್ ಸ್ಕ್ವೇರ್ಸ್‌ಗಳನ್ನು ನಾನು ತಕ್ಷಣವೇ, ಎಂಟು ಮತ್ತು ಒಂಬತ್ತನೆಯ ದಿನ ತೆಗೆದುಕೊಂಡೆ. ಕಾಲಮ್ ಸ್ಪೇಸ್ ಇನ್ನೂ ಕೈಯಲ್ಲಿ ಬಿಸಿಯಾಗಿರುವಾಗ ಅವು ಹೊಸ ಪಾಠವೆನಿಸುವುದಿಲ್ಲ. ಅದೇ ಎರಡು ಕಾಲಮ್‌ಗಳ ಡಾಟ್ ಪ್ರಾಡಕ್ಟ್ 19, ಮೊದಲನೆಯದರ ಉದ್ದದ ವರ್ಗ 14. ಎರಡನೆಯದರಿಂದ ಮೊದಲನೆಯದರ 19/14 ಪಾಲನ್ನು ಕಳೆದರೆ `(-5,4,-1)/14` ಬರುತ್ತದೆ. ಇಲ್ಲಿ 14ನ್ನು ಬಿಟ್ಟು `(-5,4,-1)` ಇಟ್ಟುಕೊಳ್ಳಬಹುದು, ಏಕೆಂದರೆ ದಿಕ್ಕು ಬದಲಾಗುವುದಿಲ್ಲ. ವರ್ಗಮೂಲಗಳನ್ನು ಎಲ್ಲಾ ಮುಗಿದ ಮೇಲೆ ಕೊನೆಯಲ್ಲಿ ಒಮ್ಮೆ ಹಾಕಿದರೆ ಸಾಕು. ಮೊದಲೇ ಹಾಕಿಕೊಂಡು ಹೊರಟವರ ಉತ್ತರಪತ್ರಿಕೆ ಎರಡನೆಯ ಪುಟದಲ್ಲಿ ಗೋಜಲಾಗುತ್ತದೆ. `(1,2,3)` ಜೊತೆ ಡಾಟ್ ಮಾಡಿದರೆ −5+8−3, ಅಂದರೆ ಸೊನ್ನೆ. ಮೊದಲೆರಡರ ಮೊತ್ತ −1, ಅದೇ ಮೂರನೆಯ ಸಂಖ್ಯೆ, ಆದ್ದರಿಂದ ಕಾಲಮ್ ಸ್ಪೇಸಿನಿಂದಲೂ ಹೊರಗೆ ಹೋಗಿಲ್ಲ.

ಹತ್ತರಿಂದ ಹನ್ನೆರಡನೆಯ ದಿನ ಐಗನ್ ವ್ಯಾಲ್ಯೂ ಮತ್ತು ಡಯಾಗನಲೈಸೇಶನ್. ರೋ ರಿಡಕ್ಷನ್ ಕೈಗೆ ಹತ್ತಿದ ಹುಮ್ಮಸ್ಸಿನಲ್ಲಿ ಮೊದಲು ಮ್ಯಾಟ್ರಿಕ್ಸನ್ನು ಇಳಿಸಿ ಆಮೇಲೆ ಐಗನ್ ವ್ಯಾಲ್ಯೂ ಹುಡುಕುವ ಆಸೆ ಬರುತ್ತದೆ. ಅದು ನೇರವಾಗಿ ಸೊನ್ನೆ ಅಂಕದ ದಾರಿ. ನಮ್ಮ `A`ಯ ಟ್ರೇಸ್ 9, ಇಳಿಸಿದ ರೂಪದ ಟ್ರೇಸ್ 1. ಐಗನ್ ವ್ಯಾಲ್ಯೂಗಳ ಮೊತ್ತ ಟ್ರೇಸ್‌ಗೆ ಸಮನಾಗಿರಲೇಬೇಕಾದ್ದರಿಂದ ಎರಡೂ ಬೇರೆ ಬೇರೆ ಎಂಬುದು ಅಲ್ಲೇ ಕಾಣುತ್ತದೆ. `A`ಯ ನಿಜವಾದ ಸಮೀಕರಣ `λ(λ² − 9λ − 1) = 0`. ಇಳಿಸಬೇಕಾದದ್ದು `A − λI`ಯನ್ನು, ಅದೂ λ ಸಿಕ್ಕ ಮೇಲೆ. ಅದನ್ನು ಇಳಿಸಿದಾಗ ಒಂದು ಸಾಲೂ ಸೊನ್ನೆಯಾಗದಿದ್ದರೆ, ಐಗನ್ ವೆಕ್ಟರ್ ಹುಡುಕುತ್ತಾ ಕೂರಬಾರದು. λ ತಪ್ಪಾಗಿದೆ, ಅಥವಾ ಇಳಿಸುವಾಗ ಕೈ ತಪ್ಪಿದೆ. ಈ ಒಂದು ಗುರುತು ಪರೀಕ್ಷೆಯಲ್ಲಿ ನನಗೆ ಹತ್ತು ಅಂಕವನ್ನಾದರೂ ಉಳಿಸಿಕೊಟ್ಟಿರಬೇಕು.

ಐಗನ್ ವ್ಯಾಲ್ಯೂ ಅಭ್ಯಾಸದ ಲೆಕ್ಕಗಳಿಗೂ ಹಿಂದುಮುಂದಿನ ಉಪಾಯವೇ ಆಗುತ್ತದೆ. ಡಿಟರ್ಮಿನೆಂಟ್ 1 ಇರುವ ಪೂರ್ಣಾಂಕದ `P`ಯನ್ನೂ, ಪೂರ್ಣಾಂಕದ ಐಗನ್ ವ್ಯಾಲ್ಯೂಗಳನ್ನು ಕರ್ಣದಲ್ಲಿಟ್ಟ `D`ಯನ್ನೂ ತೆಗೆದುಕೊಂಡು `P D P⁻¹` ಗುಣಿಸಿದರೆ ಎಲ್ಲವೂ ಪೂರ್ಣಾಂಕದಲ್ಲೇ ಬರುತ್ತದೆ. `P`ಯ ಸಾಲುಗಳು `1 1`, `1 2`, ಐಗನ್ ವ್ಯಾಲ್ಯೂಗಳು 2 ಮತ್ತು 5 ಆಗಿದ್ದರೆ `-1 3`, `-6 8` ಸಿಗುತ್ತದೆ. ಟ್ರೇಸ್ 7, ಡಿಟರ್ಮಿನೆಂಟ್ 10. ಮೂರು ಸಾಲಿನ ಲೆಕ್ಕಕ್ಕೆ ಒಳ್ಳೆಯ `P`ಗಳ ಒಂದು ಪಟ್ಟಿ ನನ್ನ ನೋಟ್‌ಬುಕ್ಕಿನಲ್ಲಿದೆ. ಅದನ್ನು ನಮ್ಮ ಹಾಸ್ಟೆಲಿನ ಕಿರಿಯರಿಗಷ್ಟೇ ಕೊಟ್ಟಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಹದಿಮೂರನೆಯ ದಿನ ಲೀನಿಯರ್ ಟ್ರಾನ್ಸ್‌ಫಾರ್ಮೇಶನ್ ಮತ್ತು ಸಬ್‌ಸ್ಪೇಸ್ ಪ್ರಮೇಯಗಳು. ರ್‍ಯಾಂಕ್-ನಲಿಟಿ ಪ್ರಮೇಯವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ. ಅಷ್ಟು ಹೊತ್ತಿಗೆ ಎಂಬತ್ತರ ಸುಮಾರಿನಷ್ಟು ಮ್ಯಾಟ್ರಿಕ್ಸ್‌ಗಳಲ್ಲಿ ಪಿವಟ್ ಇರುವ ಕಾಲಮ್‌ಗಳನ್ನೂ ಇಲ್ಲದ ಕಾಲಮ್‌ಗಳನ್ನೂ ಎಣಿಸಿದ್ದೆ. ಎರಡನ್ನೂ ಕೂಡಿಸಿದರೆ ಒಟ್ಟು ಕಾಲಮ್‌ಗಳ ಸಂಖ್ಯೆ ಬರುತ್ತದೆ ಎನ್ನುವುದೇ ಆ ಪ್ರಮೇಯ. ಹದಿನಾಲ್ಕನೆಯ ದಿನ ಬೆಳಿಗ್ಗೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮೂರು ಗಂಟೆ ಗಡಿಯಾರವಿಟ್ಟು ಬರೆದೆ. ಮಧ್ಯಾಹ್ನ ಅದರಲ್ಲಿ ತಪ್ಪಿದ ಎರಡು ಲೆಕ್ಕಗಳನ್ನು ಮಾತ್ರ ಮತ್ತೆ ಮಾಡಿ ಪುಸ್ತಕ ಮುಚ್ಚಿದೆ.

ಎಸ್‌ವಿಡಿ, ಅಂದರೆ ಸಿಂಗ್ಯುಲರ್ ವ್ಯಾಲ್ಯೂ ಡಿಕಾಂಪೊಸಿಷನ್, ಈ ಯೋಜನೆಯಲ್ಲಿ ಸೇರಿಸಲಾಗಲಿಲ್ಲ. ಅದನ್ನು ಕೇಳುವ ಪ್ರಶ್ನೆಯನ್ನು ಬಿಟ್ಟು ಅದರ ಪರ್ಯಾಯ ಪ್ರಶ್ನೆಯನ್ನು ಬರೆದೆ. ನಿಮ್ಮ ಪತ್ರಿಕೆಯಲ್ಲಿ ಅದು ಕಡ್ಡಾಯವಾಗಿದ್ದರೆ ರೋ ರಿಡಕ್ಷನ್‌ನ ನಾಲ್ಕು ದಿನಗಳನ್ನು ಕಡಿಮೆ ಮಾಡಬೇಡಿ. ಹದಿಮೂರನೆಯ ದಿನದ ಪ್ರಮೇಯಗಳಿಂದ ಅರ್ಧ ದಿನ ಕಿತ್ತುಕೊಂಡು, `AᵀA`ಯ ಐಗನ್ ವ್ಯಾಲ್ಯೂಗಳ ಲೆಕ್ಕವಾಗಿಯೇ ಅದನ್ನು ಮಾಡಿ.