ನೆಟ್ ಹೋದರೂ ವಾಲ್ವ್ ಮುಚ್ಚಬೇಕು: ಎಡ್ಜ್ ಮತ್ತು ಕ್ಲೌಡ್ ನಡುವೆ ನಾನು ಕೆಲಸ ಹಂಚಿದ ರೀತಿ

ಮಣ್ಣಿನ ತೇವ ನೋಡಿ ಡ್ರಿಪ್ ವಾಲ್ವ್ ತೆರೆದು ಮುಚ್ಚುವ ವ್ಯವಸ್ಥೆ ನಮ್ಮ ತೋಟದಲ್ಲಿದೆ. ನೆಟ್ ಯಾವಾಗ ಬರುತ್ತೋ, ಯಾವಾಗ ಹೋಗುತ್ತೋ ಗೊತ್ತಿಲ್ಲ. ಅರ್ಧ ದಿನ ನೆಟ್ ಇಲ್ಲದಿದ್ದರೆ ಗ್ರಾಫ್ ಕಾಯಬಹುದು, ನೀರು ಕಾಯಲ್ಲ ಅಲ್ವಾ? ಅದಕ್ಕೇ ವಾಲ್ವ್ ಬಗ್ಗೆ ತೀರ್ಮಾನ ಮಾಡುವುದು ಎಡ್ಜ್, ಅಂದರೆ ತೋಟದಲ್ಲೇ, ಪಂಪ್‌ಹೌಸಿನಲ್ಲಿರುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ. ಹಳೆಯ ದಾಖಲೆ, ವರದಿ ಎಲ್ಲ ಕ್ಲೌಡ್‌ನಲ್ಲಿ.

ಕ್ಲೌಡ್‌ನಿಂದ 'ವಾಲ್ವ್ ತೆರೆ' ಅನ್ನುವ ಆದೇಶ ಕಳಿಸುವುದೇ ಇಲ್ಲ. ಬೆಳಿಗ್ಗೆ ಕಳಿಸಿದ ಆದೇಶ ಸಾಲಿನಲ್ಲಿ ಕೂತು, ಮಧ್ಯಾಹ್ನ ನೆಟ್ ಬಂದ ಕೂಡಲೇ ತಲುಪಿದರೆ ನೆನೆದ ಮಣ್ಣಿಗೇ ಮತ್ತೆ ನೀರು. ಬದಲಿಗೆ ಇಂತಿಷ್ಟು ತೇವಕ್ಕೆ ತೆರೆ, 20 ನಿಮಿಷ ಮೀರಬೇಡ ಅನ್ನುವ ಸೆಟ್ಟಿಂಗ್ ಮಾತ್ರ ಹೋಗುತ್ತದೆ. ಅದು ತಡವಾಗಿ ತಲುಪಿದರೂ ತೊಂದರೆಯಿಲ್ಲ. ಪೈ ಹ್ಯಾಂಗ್ ಆದರೂ ವಾಲ್ವ್ ಮುಚ್ಚಲಿ ಅಂತ ರಿಲೇ ಬೋರ್ಡಿನಲ್ಲೇ ಬೇರೆ ಟೈಮರ್ ಇಟ್ಟಿದ್ದೇನೆ.

ಇನ್ನು ಡೇಟಾ. 20 ಸೆನ್ಸರ್, 10 ಸೆಕೆಂಡಿಗೊಂದು ಅಳತೆ, ಅಂದರೆ ಸೆಕೆಂಡಿಗೆ 2 ಸಂದೇಶ. ಸಂದೇಶ ಪಡೆದು ಮುಂದೆ ದಾಟಿಸುವ ಎಂಕ್ಯೂಟಿಟಿ ಬ್ರೋಕರ್ ಮಾಸ್ಕಿಟೊದಲ್ಲಿ ಕಾಯುವ ಸಾಲಿನ ಮಿತಿ `max_queued_messages` ತಾನಾಗಿ 1000 ಇರುತ್ತದೆ. ನೆಟ್ ಹೋಗಿ ಎಂಟು ನಿಮಿಷ ದಾಟುತ್ತಿದ್ದಂತೆ ಸಾಲು ತುಂಬಿ, ಆಮೇಲಿನದು ಸುಮ್ನೆ ಬಿದ್ದುಹೋಗುತ್ತದೆ. ಮಿತಿ ಹೆಚ್ಚಿಸಬಹುದು. ಆದರೆ ಆ ಸಾಲು ಇರುವುದು ಮೆಮೊರಿಯಲ್ಲಿ. ಪರ್ಸಿಸ್ಟೆನ್ಸ್ ಆನ್ ಮಾಡಿದರೂ ಡಿಸ್ಕಿಗೆ ಬರೆಯುವುದು ಮಾಮೂಲಾಗಿ 1800 ಸೆಕೆಂಡಿಗೊಮ್ಮೆ. ಕರೆಂಟ್ ಹೋದರೆ ಅಷ್ಟು ಹೊತ್ತಿನದು ಹೋಯಿತು.

ಹಾಗಾಗಿ ಪ್ರತಿ ಅಳತೆಯನ್ನೂ ಮೊದಲು ಪೈಯ ಡಿಸ್ಕಿನಲ್ಲಿರುವ ಎಸ್‌ಕ್ಯೂಲೈಟ್ ಟೇಬಲ್ಲಿಗೆ ಬರೆಯುತ್ತೇನೆ. ಕಳಿಸುವ ಪ್ರೋಗ್ರಾಮ್ ನೇರವಾಗಿ ಕ್ಲೌಡ್ ಬ್ರೋಕರ್‌ಗೇ ಸೇರುತ್ತದೆ, ಅಲ್ಲಿಂದ ಸ್ವೀಕೃತಿ ಬಂದ ಮೇಲೇ ಆ ಅಳತೆಯನ್ನು ಟೇಬಲ್ಲಿನಿಂದ ಅಳಿಸುತ್ತದೆ. ಮಧ್ಯೆ ಲೋಕಲ್ ಬ್ರೋಕರ್ ಇದ್ದರೆ ಸ್ವೀಕೃತಿ ಕೊಡುವುದು ಅದೇ. ಮೇಲಕ್ಕೆ ತಲುಪಿತೋ ಇಲ್ಲವೋ ತಿಳಿಯುವುದಿಲ್ಲ. ಕನಿಷ್ಠ ಒಂದು ಸಲವಾದರೂ ತಲುಪಿಸುವ ಕ್ಯೂಒಎಸ್ 1ರಲ್ಲಿ ಒಂದೇ ಸಂದೇಶ ಎರಡು ಸಲ ಹೋಗಬಹುದು. ಕ್ಲೌಡ್ ಟೇಬಲ್ಲಿನಲ್ಲಿ ಸೆನ್ಸರ್ ಹೆಸರು ಮತ್ತು ಅಳತೆಯ ಸಮಯ ಸೇರಿಯೇ ಕೀಲಿ, ಹಾಗಾಗಿ ಎರಡನೆಯದು ಒಳಗೆ ಬರಲ್ಲ.

ಇದೆಲ್ಲ ನಿಂತಿರುವುದು ಗಡಿಯಾರದ ಮೇಲೆ. ಪೈ 4ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಕರೆಂಟ್ ಹೋಗಿ ಬಂದಾಗ ನೆಟ್ ಇಲ್ಲದಿದ್ದರೆ ಕೊನೆಗೆ ಉಳಿಸಿಟ್ಟ ಸಮಯದಿಂದಲೇ ಎಣಿಕೆ ಶುರು. ಗ್ರಾಫಿನಲ್ಲಿ ಒಂದೇ ಹೊತ್ತಿನ ಮೇಲೆ ಎರಡು ಗೆರೆ ಕಂಡರೆ ಕಾರಣ ಇದೇ ಅಂದುಕೊಳ್ಳಿ. ಬಟನ್ ಸೆಲ್ ಇರುವ ಡಿಎಸ್3231 ಮಾಡ್ಯೂಲ್ ಹಾಕಿದರೆ ಈ ಕಾಟ ಇರಲ್ಲ.

ನೆಟ್ ಮರಳಿದಾಗ ಹೊಸ ಅಳತೆಗೆ ಮೊದಲ ದಾರಿ, ಹಳೆಯದು ಹಿಂದೆ ನಿಧಾನವಾಗಿ. 5 ನಿಮಿಷಕ್ಕಿಂತ ಹಳೆಯ ಅಳತೆಗೆ ಕ್ಲೌಡ್ ಅಲಾರಂ ಕೊಡದಂತೆ ಮಾಡಿದ್ದೇನೆ. ಇಲ್ಲದಿದ್ದರೆ ರಾತ್ರಿ ಒಣಗಿದ್ದ ಮಣ್ಣಿಗೆ ಬೆಳಿಗ್ಗೆ ಫೋನ್ ಬಡಿದುಕೊಳ್ಳುತ್ತದೆ.